ಅರ್ಜಿ ರಿಜಿಸ್ಟರ್ ತೆಗೆದು ನೋಡಿದ ಮೇಲೆ

ಒಂದು ಪತ್ತಿನ ಸಹಕಾರ ಸಂಘದ ಸಾಲದ ಲೆಕ್ಕ ನೋಡುವ ಕೆಲಸ ನನಗೆ ಬಂದಿತ್ತು. ಯಾರಿಗೆ ಕೊಟ್ಟ ಸಾಲ ಸರಿಯಾಗಿ ವಾಪಸ್ ಬರುತ್ತದೆ, ಯಾರದು ಬಾಕಿ ಬೀಳುತ್ತದೆ ಅಂತ ಹಳೇ ಲೆಕ್ಕ ನೋಡಿ ಹೇಳಬೇಕಿತ್ತು. 90 ದಿನ ಕಂತು ಕಟ್ಟದಿದ್ದರೆ ಅದನ್ನು ಕೆಟ್ಟ ಸಾಲ ಅಂತ ಗುರುತು ಹಾಕಿಕೊಂಡೆ.

ಮೊದಲ ಲೆಕ್ಕವೇ ತಲೆಕೆಳಗಾಗಿ ಬಂತು. ಸಿಬಿಲ್ ಸ್ಕೋರ್ 650ಕ್ಕಿಂತ ಕಡಿಮೆ ಇದ್ದ 30 ಸಾಲಗಾರರಲ್ಲಿ ಕೆಟ್ಟಿದ್ದು ಒಬ್ಬರ ಸಾಲ ಮಾತ್ರ. 650 ಮತ್ತು ಅದಕ್ಕಿಂತ ಮೇಲಿದ್ದ 370 ಜನರಲ್ಲಿ 19 ಜನರದು ಕೆಟ್ಟಿತ್ತು. ಅಂದರೆ ಸ್ಕೋರ್ ಕಡಿಮೆ ಇದ್ದವರಲ್ಲಿ ನೂರಕ್ಕೆ ಮೂರು ಚಿಲ್ಲರೆ, ಜಾಸ್ತಿ ಇದ್ದವರಲ್ಲಿ ನೂರಕ್ಕೆ ಐದು. ಮ್ಯಾನೇಜರ್ ನೋಡಿ, "ಹಾಗಾದ್ರೆ ಸ್ಕೋರ್ ಕೇಳೋದೇ ಬಿಟ್ಟುಬಿಡಬಹುದು ಅಲ್ವಾ ಮೇಡಂ?" ಅಂದರು.

ನನಗೆ ಹಿಂದೆ ಮಾಡಿದ್ದ ಒಂದು ಶಾಲೆಯ ಲೆಕ್ಕ ನೆನಪಾಯಿತು. ಅಲ್ಲಿ ಎಸ್ಸೆಸ್ಸೆಲ್ಸಿ ಬರೆದವರು 40, ಪಾಸಾದವರು 38. ಗೇಟಿನ ಬೋರ್ಡಿನಲ್ಲಿ ಶೇ. 95 ಅಂತ ಬರೆಸಿದ್ದರು. ಸುಳ್ಳೇನೂ ಅಲ್ಲ. ಆದರೆ ಇದೇ ಮಕ್ಕಳ ಎಂಟನೇ ಕ್ಲಾಸಿನ ಹಾಜರಿ ಪುಸ್ತಕ ತರಿಸಿದಾಗ ಅದರಲ್ಲಿ 58 ಹೆಸರಿತ್ತು. ನಡುವೆ ಹೊಸಬರು ಯಾರೂ ಸೇರಿರಲಿಲ್ಲ. ಆರು ಮಕ್ಕಳು ಟಿ.ಸಿ. ತಗೊಂಡು ಬೇರೆ ಶಾಲೆಗೆ ಹೋಗಿದ್ದರು, ಅವರನ್ನು ಈ ಶಾಲೆಯ ಲೆಕ್ಕದಿಂದ ಬಿಡುವುದು ನ್ಯಾಯ. ಉಳಿದ 12 ಮಕ್ಕಳಲ್ಲಿ ಕೆಲವರು ಓದು ಬಿಟ್ಟು ಕೆಲಸಕ್ಕೆ ಸೇರಿದ್ದರು, ಕೆಲವರು ಒಂಬತ್ತರಲ್ಲೇ ನಿಂತಿದ್ದರು, ಕೆಲವರನ್ನು ಖಾಸಗಿಯಾಗಿ ಪರೀಕ್ಷೆ ಕಟ್ಟಲು ಕಳಿಸಿದ್ದರು. 52ಕ್ಕೆ 38 ಅಂದರೆ ಶೇ. 73. ಕೊನೆವರೆಗೂ ಉಳಿದವರನ್ನು ಮಾತ್ರ ಎಣಿಸಿದರೆ ಆಗುವ ಈ ಎಡವಟ್ಟಿಗೆ ಸರ್ವೈವರ್‌ಶಿಪ್ ಬಯಾಸ್ ಅಂತಾರೆ.

ಹಾಗಾದರೆ ಸಾಲದ ಕಡೆ ಆ ಹಾಜರಿ ಪುಸ್ತಕ ಯಾವುದು? ಅರ್ಜಿ ರಿಜಿಸ್ಟರ್. ನಾನು ಸಾಲ ಸಿಕ್ಕವರ ಟೇಬಲ್ ಒಂದನ್ನೇ ಹಿಡಿದುಕೊಂಡು ಕೂತಿದ್ದೆ. ಅರ್ಜಿಗಳಿಂದ ಶುರು ಮಾಡಿ ಮತ್ತೆ ಎಣಿಸಿದೆ.

```sql
SELECT a.score < 650 AS low,
       COUNT(*) AS applied,
       COUNT(l.id) AS approved
FROM applications a
LEFT JOIN loans l ON l.app_id = a.id
GROUP BY low;
```

ಇಲ್ಲಿ `LEFT JOIN` ಮುಖ್ಯ. ಬರೀ `JOIN` ಹಾಕಿದರೆ ಸಾಲ ಸಿಗದವರು ಸುಮ್ನೆ ಮಾಯವಾಗುತ್ತಾರೆ. ಸ್ಕೋರ್ ಜಾಸ್ತಿ ಇದ್ದವರಲ್ಲಿ 700 ಜನ ಕೇಳಿ 370 ಜನರಿಗೆ ಸಾಲ ಸಿಕ್ಕಿತ್ತು. ಕಡಿಮೆ ಇದ್ದವರಲ್ಲಿ 300 ಜನ ಕೇಳಿದ್ದರು, ಸಿಕ್ಕಿದ್ದು 30 ಜನರಿಗೆ. ಹತ್ತರಲ್ಲಿ ಒಬ್ಬರಿಗೆ!

ಆ 30 ಫೈಲುಗಳನ್ನು ಒಂದೊಂದಾಗಿ ಬಿಚ್ಚಿದೆ. 26 ಫೈಲುಗಳಲ್ಲಿ ಚಿನ್ನದ ಅಡಮಾನ ಇತ್ತು, ಇಲ್ಲವೇ ಸರ್ಕಾರಿ ನೌಕರರ ಜಾಮೀನು ಇತ್ತು. "ಇವರು ಅಪ್ಪನ ಕಾಲದಿಂದ ನಮ್ಮಲ್ಲಿ ಪಿಗ್ಮಿ ಕಟ್ತಾರೆ ಮೇಡಂ" ಅಂತ ಮ್ಯಾನೇಜರ್ ಒಬ್ಬರ ಫೈಲು ತೋರಿಸಿದರು. ಸ್ಕೋರ್ ಕಡಿಮೆ ಇದ್ದರೂ ಬೇರೇನೋ ಗಟ್ಟಿ ಆಧಾರ ಇದ್ದವರನ್ನು ಮಾತ್ರ ಇವರು ಒಳಗೆ ಬಿಟ್ಟಿದ್ದರು. ಸಾಲ ಉಳಿಸಿದ್ದು ಆ ಆಧಾರ. ನನ್ನ ಟೇಬಲ್‌ನಲ್ಲಿ ಅದರ ಕಾಲಂ ಇರಲಿಲ್ಲ, ಹಾಗಾಗಿ ಕಡಿಮೆ ಸ್ಕೋರೇ ಒಳ್ಳೆಯದು ಅನ್ನುವ ಹಾಗೆ ಕಂಡಿತು. ಸೆಲೆಕ್ಷನ್ ಬಯಾಸ್ ಅಂದರೆ ಇದೇ. ಯಾವ ಆಧಾರವೂ ಇಲ್ಲದೆ ಸಾಲ ಪಡೆದವರು ನಾಲ್ಕೇ ಜನ, ಕೆಟ್ಟ ಆ ಒಂದು ಸಾಲ ಅವರಲ್ಲೇ ಇತ್ತು. ನಾಲ್ಕು ಜನರಿಂದ ಏನು ಹೇಳೋಕಾಗುತ್ತೆ?

ಸಾಲ ಸಿಗದ 270 ಜನರ ವಿಷಯ ತಿಳಿಯಲು ಮೊದಲು ಕ್ರೆಡಿಟ್ ಬ್ಯೂರೋ ದಾಖಲೆ ನೋಡಿದೆವು. 84 ಜನ ಆಮೇಲೆ ಬೇರೆ ಕಡೆ ಸಾಲ ತಗೊಂಡಿದ್ದರು. ಅವರಲ್ಲಿ 17 ಜನರದು 90 ದಿನ ದಾಟಿತ್ತು, ನೂರಕ್ಕೆ ಇಪ್ಪತ್ತು. ಇದನ್ನೂ ಪೂರ್ತಿ ನಂಬುವ ಹಾಗಿಲ್ಲ. ಆ 84 ಜನರನ್ನೂ ಇನ್ಯಾರೋ ಆರಿಸಿಕೊಂಡೇ ಸಾಲ ಕೊಟ್ಟಿರುತ್ತಾರೆ, ಅಲ್ಲಿನ ಬಡ್ಡಿ, ಕಂತು ಬೇರೆ. ಉಳಿದ 186 ಜನರ ಬಗ್ಗೆ ಏನೂ ಗೊತ್ತಾಗಲಿಲ್ಲ.

ಅದಕ್ಕೇ ಚೀಟಿ ಎತ್ತೋಣ ಅಂತ ಆಡಳಿತ ಮಂಡಳಿಗೆ ಹೇಳಿದೆ. ಸ್ಕೋರ್ 620ರಿಂದ 650ರ ನಡುವೆ ಇದ್ದು ಅರ್ಜಿ ತಿರಸ್ಕಾರವಾಗುವವರಲ್ಲಿ ಹತ್ತಕ್ಕೆ ಒಬ್ಬರನ್ನು ಚೀಟಿಯಲ್ಲಿ ಆರಿಸಿ, ಅಡಮಾನ ಇಲ್ಲದೆ 25,000 ರೂಪಾಯಿ ಕೊಡುವುದು. ಒಟ್ಟು ಎಷ್ಟು ನಷ್ಟ ತಡೆಯಬಹುದು ಅಂತ ಮೊದಲೇ ಮಿತಿ ಹಾಕುವುದು. ವರ್ಷ ತುಂಬುವ ತನಕ ತೀರ್ಮಾನ ಮಾಡಬಾರದು, ಯಾಕಂದರೆ ಹೊಸ ಸಾಲ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಅವರು ಬಹಳ ಹೊತ್ತು ಚರ್ಚೆ ಮಾಡಿ ಒಪ್ಪಿದರು.

ಎರಡನೇ ತಿಂಗಳಲ್ಲೇ ಪಟ್ಟಿಯಲ್ಲಿ ಒಂದು ಹೆಸರು ಬದಲಾಗಿತ್ತು. ಕೇಳಿದರೆ, "ಅವನು ಕುಡೀತಾನೆ ಮೇಡಂ, ಅದಕ್ಕೆ ಪಕ್ಕದವನಿಗೆ ಕೊಟ್ವಿ" ಅಂದರು ಗುಮಾಸ್ತರು. ಅವರ ಉದ್ದೇಶ ಒಳ್ಳೆಯದೇ. ಆದರೆ ಹೀಗೆ ಕೈಯಾರೆ ಆರಿಸಿದರೆ ಮತ್ತೆ ಆ 30 ಫೈಲುಗಳ ಕಥೆಯೇ. ಆ ಸಾಲವನ್ನು ಪ್ರಯೋಗದ ಲೆಕ್ಕದಿಂದ ತೆಗೆದು ಬೇರೆ ಗುರುತು ಹಾಕಿದೆ. ಈಗ ಚೀಟಿ ಎತ್ತಿದ ತಕ್ಷಣ ಪಟ್ಟಿಗೆ ಇಬ್ಬರ ಸಹಿ ಹಾಕಿಸಿ, ಒಂದು ಪ್ರತಿ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.