ಐಟಿಸಿ ಷೇರಿನ ದೀರ್ಘ ರೇಂಜ್ ಅನ್ನು ನಾನು ಓದಿದ ಬಗೆ

2020ರ ಮಾರ್ಚ್‌ ಕುಸಿತದ ತಳದಿಂದ ಮುಂದಿನ ಫೆಬ್ರವರಿಯ ಹೊತ್ತಿಗೆ ನಿಫ್ಟಿ ದುಪ್ಪಟ್ಟಾಗಿದ್ದರೂ ಐಟಿಸಿ ಷೇರು ಮಾತ್ರ ಎರಡು ಬೆಲೆಗಳ ನಡುವಿನ ಒಂದೇ ಪಟ್ಟಿಯೊಳಗೆ ಮೇಲೆ ಕೆಳಗೆ ಓಡಾಡುತ್ತಿತ್ತು. ಆ ದಿನಗಳಲ್ಲಿ ಅದರ ಬಗ್ಗೆ ಹರಿದಾಡಿದಷ್ಟು ತಮಾಷೆ ಬೇರೆ ಯಾವ ಷೇರಿನ ಬಗ್ಗೆಯೂ ಹರಿದಾಡಿರಲಿಕ್ಕಿಲ್ಲ. ನಾನು ಅದರ ವಾರದ ಚಾರ್ಟನ್ನು ತೆರೆದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಇಲ್ಲಿ ದೊಡ್ಡ ಕೈಗಳು ಷೇರು ಕೂಡಿಡುತ್ತಿವೆಯೇ, ಅಂದರೆ ಇದು ಅಕ್ಯುಮುಲೇಷನ್ ಹಂತವೇ, ಅಥವಾ ಇದ್ದದ್ದನ್ನು ಸದ್ದಿಲ್ಲದೆ ದಾಟಿಸುವ ಡಿಸ್ಟ್ರಿಬ್ಯೂಷನ್ ಹಂತವೇ? (ಇಲ್ಲಿ ಕೊಟ್ಟಿರುವ ಬೆಲೆಗಳೆಲ್ಲ ಆಗಿನ ಮಾರುಕಟ್ಟೆ ದರಗಳು, 2025ರಲ್ಲಿ ಹೋಟೆಲ್ ವ್ಯವಹಾರ ಬೇರ್ಪಟ್ಟ ಮೇಲೆ ಕೆಲವು ಚಾರ್ಟ್‌ಗಳಲ್ಲಿ ಹಳೆಯ ದರಗಳು ಸ್ವಲ್ಪ ಕಡಿಮೆ ಕಾಣಿಸುತ್ತವೆ.)

ಮೊದಲಿಗೆ ನಾನು ನೋಡಿದ್ದು ಡೆಲಿವರಿ ಪ್ರಮಾಣವನ್ನು. ದಿನದ ವಹಿವಾಟಿನಲ್ಲಿ ಎಷ್ಟು ಷೇರು ನಿಜವಾಗಿ ಡಿಮ್ಯಾಟ್ ಖಾತೆಗಳಿಗೆ ಹೋಯಿತು ಎಂಬುದನ್ನು ಎನ್ಎಸ್ಇ ಪ್ರತಿದಿನ ಪ್ರಕಟಿಸುತ್ತದೆ. ಡೆಲಿವರಿ ಹೆಚ್ಚಿದರೆ ಸಂಗ್ರಹ ನಡೆದಿದೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ, ಆದರೆ ಕೊಂಡ ಪ್ರತಿ ಷೇರಿಗೂ ಮಾರಿದವನೊಬ್ಬ ಇದ್ದೇ ಇರುವುದರಿಂದ ಆ ಅಂಕಿಯೊಂದೇ ಷೇರು ಕೈ ಬದಲಾಯಿತು ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಲಾರದು. ಆದ್ದರಿಂದ ಭಾರೀ ಡೆಲಿವರಿಯ ವಾರ ಬಂದಾಗ ಬೆಲೆ ಎಲ್ಲಿ ಮುಗಿಯಿತು ಎಂಬುದನ್ನೂ ಜೊತೆಗೆ ಬರೆದುಕೊಳ್ಳುತ್ತಿದ್ದೆ. ಪಟ್ಟಿಯ ಕೆಳ ಅಂಚಿನಲ್ಲಿ ಭಾರೀ ಡೆಲಿವರಿಯಾಗಿಯೂ ಬೆಲೆ ಇನ್ನಷ್ಟು ಇಳಿಯದಿದ್ದರೆ ಮಾರುವವರ ಸರಕನ್ನು ಯಾರೋ ಹೀರಿಕೊಳ್ಳುತ್ತಿದ್ದಾರೆ. ಮೇಲಿನ ಅಂಚಿನಲ್ಲಿ ಅಷ್ಟೇ ಡೆಲಿವರಿಯಾಗಿಯೂ ಬೆಲೆ ಮುಂದೆ ಸಾಗದಿದ್ದರೆ ಕೊಳ್ಳುವವರಿಗೆ ಯಾರೋ ಸರಕು ಒದಗಿಸುತ್ತಿದ್ದಾರೆ.

ಇದಕ್ಕೆ ಒಳ್ಳೆಯ ನಿದರ್ಶನ 2021ರ ಫೆಬ್ರವರಿ. ಸಿಗರೇಟಿನ ಮೇಲೆ ಬಜೆಟ್ ಹೊಸ ಹೊರೆ ಹಾಕಲಿಲ್ಲ, ಷೇರು 239ರ ಹತ್ತಿರ ಹೋಯಿತು, ಆದರೆ ಅಲ್ಲಿ ನಿಲ್ಲಲಾರದೆ ಮುಂದಿನ ತಿಂಗಳುಗಳಲ್ಲಿ 200ರ ಆಸುಪಾಸಿಗೆ ಮರಳಿತು. ಒಳ್ಳೆಯ ಸುದ್ದಿಯೂ ಬೆಲೆಯನ್ನು ಅಂಚಿನಿಂದಾಚೆ ಒಯ್ಯದಿದ್ದರೆ ಮಾರಾಟದ ಒತ್ತಡ ಇನ್ನೂ ತೀರಿಲ್ಲ ಎಂದೇ ನಾನು ಲೆಕ್ಕ ಹಾಕುತ್ತೇನೆ. ಹಾಗಾಗಿ ಆಗ ಕೊಳ್ಳಲಿಲ್ಲ. ಆದರೆ ಅದೇ ಇಳಿತದಲ್ಲಿ ಇನ್ನೊಂದು ಸಂಗತಿಯೂ ಇತ್ತು. 2020ರ ಕೊನೆಯ ತಳ 165ರ ಬಳಿ ಇದ್ದರೆ, ಈ ಬಾರಿ ಕೊಳ್ಳುವವರು 200ರಲ್ಲೇ ಬಂದು ನಿಂತಿದ್ದರು. ಅದರಲ್ಲೂ ಐಟಿಸಿ ಕೊಡುವ ಡಿವಿಡೆಂಡ್ ದೊಡ್ಡದು, 2019–20ರ ಸಾಲಿಗೇ ಷೇರಿಗೆ 10.15 ರೂಪಾಯಿ. ಷೇರಿನಿಂದ ಡಿವಿಡೆಂಡ್ ಹಕ್ಕು ಕಳಚುವ ಎಕ್ಸ್-ಡಿವಿಡೆಂಡ್ ದಿನ ಬೆಲೆ ಅಷ್ಟು ತಗ್ಗುವುದು ಸಹಜವೇ ಹೊರತು ದೌರ್ಬಲ್ಯವಲ್ಲ. ಇದನ್ನು ಕಳೆದು ನೋಡದಿದ್ದರೆ ಇಷ್ಟು ಕಿರಿದಾದ ಪಟ್ಟಿಯಲ್ಲಿ ತಳ ಒಡೆಯಿತೆಂಬ ಭ್ರಮೆ ಹುಟ್ಟುತ್ತದೆ.

2021ರ ಅಕ್ಟೋಬರ್‌ನಲ್ಲಿ ಷೇರು 265ಕ್ಕೆ ಏರಿ ಮತ್ತೆ ಜಾರಿತು. ಆದರೆ 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಇಡೀ ಮಾರುಕಟ್ಟೆ ಕುಸಿದಾಗಲೂ ಅದು 207ರ ಸುತ್ತ ನಿಂತಿತು, 200ನ್ನು ಮುರಿಯಲಿಲ್ಲ. ಬೇಸ್, ಅಂದರೆ ಏರಿಕೆಗೆ ಮುಂಚಿನ ಈ ದೀರ್ಘ ಪಟ್ಟಿ, ಮುಗಿಯುತ್ತಿದೆ ಎಂಬ ಗಟ್ಟಿ ಸುಳಿವು ಸಿಕ್ಕಿದ್ದು ಅಲ್ಲಿಂದ ಮುಂದೆ. ಐಟಿಸಿ ಬೆಲೆಯನ್ನು ನಿಫ್ಟಿಯಿಂದ ಭಾಗಿಸಿ ಎಳೆದ ಗೆರೆ ವರ್ಷಗಟ್ಟಲೆ ಇಳಿದಿದ್ದು, ಈಗ ಬೆಲೆ ಹಳೆಯ ಗರಿಷ್ಠವನ್ನು ದಾಟುವ ಮೊದಲೇ ಮೇಲಕ್ಕೆ ತಿರುಗಿತು. ಮೊದಲ ಕಂತನ್ನು ನಾನು ಕೊಂಡಿದ್ದು ಆಗ. ಎರಡನೆಯದು, ವಾರದ ಮುಕ್ತಾಯದ ಬೆಲೆ 265ರ ಮೇಲೆ ನಿಂತ ನಂತರ, 245ಕ್ಕೆ ಇಳಿದರೆ ಮಾರಿಬಿಡುವಂತೆ ಸ್ಟಾಪ್‌ಲಾಸ್ ಇಟ್ಟು. ಜೂನ್ ತಿಂಗಳಲ್ಲಿ ನಿಫ್ಟಿ ಅದೇ ವರ್ಷದ ಮಾರ್ಚ್‌ನ ತಳವನ್ನೂ ಮುರಿದು 15,200ರ ಕೆಳಗೆ ಹೋದಾಗ ಐಟಿಸಿ ಹಳೆಯ ಅಂಚಿನ ಸುತ್ತಮುತ್ತಲೇ ಇತ್ತು. ನನ್ನ ಪಾಲಿಗೆ ಅಂಚು ದಾಟಿದ ಬ್ರೇಕ್‌ಔಟ್‌ಗಿಂತ ಈ ಮರುಪರೀಕ್ಷೆಯೇ ಹೆಚ್ಚು ಮುಖ್ಯ: ಹಿಂದೆ ಮಾರಾಟ ಎದುರಾಗುತ್ತಿದ್ದ ಬೆಲೆಯಲ್ಲೇ, ಅದೂ ಇಡೀ ಮಾರುಕಟ್ಟೆ ಸೋಲುತ್ತಿದ್ದಾಗ, ಖರೀದಿ ಸಿಕ್ಕಿತ್ತು. ಜುಲೈಯಲ್ಲಿ ಷೇರು 300ನ್ನು ದಾಟಿತು, ಮರುವರ್ಷದ ಜುಲೈಯಲ್ಲಿ 500ರ ಅಂಚು ತಲುಪಿತು.

ಅಲ್ಲಿಂದ ಮತ್ತೊಂದು ದೀರ್ಘ ಪಟ್ಟಿ, ಸುಮಾರು 400ರಿಂದ 500ರವರೆಗೆ. 2024ರ ಮಾರ್ಚ್‌ನಲ್ಲಿ ಐಟಿಸಿಯ ಅತಿ ದೊಡ್ಡ ಷೇರುದಾರ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ, ಅಂದರೆ ಬಿಎಟಿ ಕಂಪನಿ, ಐಟಿಸಿಯ ಶೇ. 3.5ರಷ್ಟು ಷೇರುಗಳನ್ನು 400ರ ಬಳಿ ಬ್ಲಾಕ್ ಡೀಲ್‌ನಲ್ಲಿ ಒಟ್ಟಿಗೆ ಮಾರಿತು, ಷೇರು ಇಳಿಯುವ ಬದಲು ಏರಿತು. ಹೀರಿಕೊಳ್ಳುವಿಕೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ ಎಂದು ಯಾರಿಗಾದರೂ ಅನಿಸಬಹುದಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಬೆಲೆ 528ಕ್ಕೂ ಹೋಯಿತು, ಆದರೆ ಅಕ್ಟೋಬರ್‌ನಲ್ಲೇ 500ರ ಕೆಳಗೆ ಮರಳಿತು. ದಾಟಿದ ಅಂಚಿನ ಮೇಲೆ ಬೆಲೆ ಕೆಲವೇ ವಾರವೂ ನಿಲ್ಲದಿದ್ದರೆ, ಅಲ್ಲಿಯವರೆಗಿನ ಸುಳಿವುಗಳು ಎಷ್ಟೇ ಚೆನ್ನಾಗಿದ್ದರೂ ನಾನು ಅದನ್ನು ಡಿಸ್ಟ್ರಿಬ್ಯೂಷನ್ ಎಂದೇ ಹಿಡಿಯುತ್ತೇನೆ. ವಾರದ ಮುಕ್ತಾಯ 500ರ ಕೆಳಗೆ ಬಂದಾಗ ಅರ್ಧ ಮಾರಿದೆ. ಉಳಿದರ್ಧವನ್ನು ಡಿವಿಡೆಂಡ್‌ಗಾಗಿ ಇಟ್ಟುಕೊಂಡಿದ್ದೇನೆ.