ನಂಬರಿನ ಮುಂದಿನ ಸೊನ್ನೆ ನೋಡಿ, ಆಮೇಲೆ ಸೇವ್ ಮಾಡಿ

ವಿದೇಶದಲ್ಲಿರುವವರ ನಂಬರ್ ಸೇವ್ ಮಾಡುವ ಮುಂಚೆ ಅದು ಹೇಗೆ ಶುರುವಾಗುತ್ತದೆ ಅಂತ ನೋಡಿ. ಮುಂದೆ ಒಂದೇ ಸೊನ್ನೆ ಇದ್ದರೆ ಅದು ಆ ದೇಶದೊಳಗಿಂದ ಡಯಲ್ ಮಾಡುವ ರೂಪ. ಪ್ಲಸ್ ಚಿಹ್ನೆ ಇದ್ದರೆ ಅಂತರರಾಷ್ಟ್ರೀಯ ರೂಪ. ಎರಡು ಸೊನ್ನೆ ಇದ್ದರೂ ಸಾಮಾನ್ಯವಾಗಿ ಅದೇ ಅರ್ಥ, ಯುರೋಪಿನಲ್ಲಿ 0044 ಅಂತ ಬರೆದರೆ +44 ಅಂತಲೇ ಓದಿ.

ಲಂಡನ್ನಿನ ಒಂದು ನಂಬರ್ ತಗೊಳ್ಳಿ: 020 7946 0123. ಇಲ್ಲಿ ಮೊದಲ ಸೊನ್ನೆ ಟ್ರಂಕ್ ಪ್ರಿಫಿಕ್ಸ್, ಅಂದರೆ ಕರೆ ಬೇರೆ ಊರಿಗೆ ಹೋಗಬೇಕು ಅಂತ ಆ ದೇಶದ ಎಕ್ಸ್‌ಚೇಂಜಿಗೆ ಕೊಡುವ ಸೂಚನೆ ಅಷ್ಟೇ. ಹೊರಗಿಂದ ಮಾಡುವಾಗ ಅದನ್ನು ಬಿಟ್ಟು +44 20 7946 0123 ಅಂತ ಹಾಕಬೇಕು. ನಮ್ಮ ಬೆಂಗಳೂರಿನ 080 ಕೂಡ ಹೀಗೇ +91 80 ಆಗುತ್ತದೆ.

ಜಾಸ್ತಿ ಗೊಂದಲ ಆಗೋದು ವಿಸಿಟಿಂಗ್ ಕಾರ್ಡಿನಲ್ಲಿ +44 (0)20 ಅಂತ ಬರೆದಾಗ. ಕಂಸದೊಳಗಿನ ಸೊನ್ನೆ ಅಲ್ಲಿನವರಿಗೆ ಮಾತ್ರ. +44 ಅಥವಾ ಸೊನ್ನೆ, ಎರಡರಲ್ಲಿ ಒಂದನ್ನೇ ಬಳಸಿ. ಕಾಪಿ ಮಾಡಿ ಹಾಗೇ ಅಂಟಿಸಿದರೆ +44020 ಆಗಿಬಿಡುತ್ತದೆ, ವಾಟ್ಸಾಪಿನಲ್ಲಿ ಹೆಸರು ಕಾಣಿಸದೇ ಇರೋದಕ್ಕೆ ಎಷ್ಟೋ ಸಲ ಇದೇ ಕಾರಣ, ಆದ್ದರಿಂದ ದೇಶದ ಕೋಡ್ ಆದ ಮೇಲೆ ಸೊನ್ನೆ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ಆದರೆ ಇಟಲಿಯ ಲ್ಯಾಂಡ್‌ಲೈನಿಗೆ ಈ ನಿಯಮ ಇಲ್ಲ. ಅಲ್ಲಿ ಸೊನ್ನೆ ನಂಬರಿನದೇ ಭಾಗ, ರೋಮ್ ನಂಬರ್ +39 06 ಅಂತಲೇ ಇರಬೇಕು. ಅದನ್ನು ತೆಗೆದರೆ ಕರೆ ಹೋಗುವುದಿಲ್ಲ.