ಉಳಿದ ಅಡುಗೆಗೆ ಬಿಸಿಯಿರುವಾಗಲೇ ಮುಚ್ಚಳ ಹಾಕಬೇಡಿ

ಪ್ಲಾಸ್ಟಿಕ್ ಇಲ್ಲದೆ, ಕಸ ಮಾಡದೆ ಊಟ ಹಾಕಬೇಕೆಂದರೆ ಸ್ಟೀಲ್ ತಟ್ಟೆ ಬಾಡಿಗೆಗೆ ತಂದರೆ ಮುಗೀತು ಅಂದುಕೊಳ್ಳುತ್ತಾರೆ ಈಗಿನ ಮಕ್ಕಳು. ಮೊನ್ನೆ ಒಂದು ಮದುವೆ ಊಟದಲ್ಲಿ ನೋಡಿದೆ. ಪ್ಲಾಸ್ಟಿಕ್ ಒಂದೂ ಇಲ್ಲ, ಸಂತೋಷ. ಆದರೆ ಉಂಡವರೆಲ್ಲ ಎಂಜಲು, ಚಮಚ, ಕೈ ಒರೆಸಿದ ಕಾಗದ ಸಮೇತ ತಟ್ಟೆಯನ್ನು ಒಂದೇ ಟಬ್ಬಿಗೆ ಹಾಕಿ ಹೋದರು. ತೊಳೆಯುವವರು ಆ ರಾಡಿಯಲ್ಲಿ ಕೈಯಾಡಿಸಿ ಚಮಚ ಹುಡುಕಬೇಕಾಯಿತು. ಸಾಕಾಗಿ ಉಳಿದದ್ದನ್ನೆಲ್ಲ ಒಂದೇ ಚೀಲಕ್ಕೆ ಸುರಿದರು. ಗೊಬ್ಬರಕ್ಕೂ ಬಾರದ ಹಾಗಾಯಿತು.

ಬಕೆಟ್ಟುಗಳನ್ನು ಸಾಲಾಗಿಡಿ. ಮೊದಲು ಲೋಟದಲ್ಲಿ ಉಳಿದ ನೀರಿಗೆ, ಆಮೇಲೆ ಎಂಜಲಿಗೆ, ಆಮೇಲೆ ಕಾಗದಕ್ಕೆ, ತಟ್ಟೆಯ ಟಬ್ಬು ಕಟ್ಟಕಡೆಗೆ. ಬೋರ್ಡು ಹಾಕಿದರೆ ಯಾರೂ ಓದುವುದಿಲ್ಲ. ಪ್ರತಿ ಬಕೆಟ್ಟಿಗೂ ಮೊದಲೇ ಒಂದು ಹಿಡಿ ಅದರದೇ ಕಸ ಹಾಕಿಡಿ, ಜನ ನೋಡಿಕೊಂಡು ಹಾಕುತ್ತಾರೆ. ಗಟ್ಟಿ ಬಾಯಿಯವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ.

ಇನ್ನು ಉಳಿದ ಅಡುಗೆ. ಬಡಿಸಲು ಹೊರಗಿಟ್ಟು ಹತ್ತಾರು ಕೈ ಆಡಿದ್ದನ್ನು ಯಾರಿಗೂ ಕೊಡಬೇಡಿ. ಅದಕ್ಕೇ ಹೇಳುವುದು, ಚಿಕ್ಕ ಪಾತ್ರೆಯಲ್ಲಿ ಬಡಿಸಿ, ಖಾಲಿಯಾದಂತೆ ತುಂಬಿಸಿ, ದೊಡ್ಡ ಪಾತ್ರೆ ಒಳಗೇ ಬಿಸಿಯಾಗಿ ಮುಚ್ಚಿರಲಿ. ಎರಡು ಗಂಟೆಯೊಳಗೆ ತಿನ್ನುವವರ ಕೈ ಸೇರುವುದಾದರೆ ಹೊಗೆಯಾಡುವಾಗಲೇ ಕಳಿಸಿ. ಇಲ್ಲವಾದರೆ ತಣ್ಣಗೆ ಮಾಡಲೇಬೇಕು. ಉಗುರು ಬೆಚ್ಚಗಿರುವುದೇ ಅಪಾಯ.

ನಾನೂ ಒಮ್ಮೆ ಕೆಟ್ಟಿದ್ದೇನೆ. ಮಗಳ ಮದುವೆಯ ರಾತ್ರಿ ಉಳಿದ ಅನ್ನವನ್ನು ಕೊಳಗದಲ್ಲೇ ಬಿಟ್ಟು, ಧೂಳು ಬೀಳಬಾರದೆಂದು ಬಿಗಿಯಾಗಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಮೇಲೆ ಮುಟ್ಟಿದರೆ ತಣ್ಣಗಿತ್ತು, ಸೌಟು ಆಳಕ್ಕೆ ಇಳಿಸಿದರೆ ನಡುವಿನದು ಇನ್ನೂ ಬೆಚ್ಚಗೆ, ಅಂಟಂಟು, ಹುಳಿ ವಾಸನೆ. ಅಷ್ಟನ್ನೂ ಚೆಲ್ಲಿದೆವು. ಎಲ್ಲ ಸಲ ವಾಸನೆ ಬರುತ್ತದೆ ಅಂತಲೂ ಇಲ್ಲ, ಮತ್ತೆ ಕುದಿಸಿದರೆ ಸರಿಹೋಗುತ್ತದೆ ಅಂತಲೂ ಇಲ್ಲ.

ಆವತ್ತಿನಿಂದ ಹೀಗೆ ಮಾಡುತ್ತೇನೆ. ಅಗಲವಾದ ತಟ್ಟೆಗಳನ್ನು ತೊಳೆದು ಒಣಗಿಸಿಟ್ಟಿರುತ್ತೇನೆ. ಉಳಿದ ಗಟ್ಟಿ ಅಡುಗೆಯನ್ನು ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಇಲ್ಲದ ಹಾಗೆ ಹರವುತ್ತೇನೆ, ಒತ್ತುವುದಿಲ್ಲ. ಫ್ಯಾನ್ ಕೆಳಗೆ ಇಟ್ಟು ಮೇಲೆ ತೆಳು ಬಟ್ಟೆ ಹೊದಿಸುತ್ತೇನೆ. ಮುಚ್ಚಳ ಹಾಕಿದರೆ ಆವಿ ನೀರಾಗಿ ವಾಪಸ್ ಅದರ ಮೇಲೇ ತೊಟ್ಟಿಕ್ಕುತ್ತದೆ, ಗೊತ್ತಲ್ವಾ? ಸಾರು, ಸಾಂಬಾರಿನಂಥ ನೀರಾದ ಅಡುಗೆಯನ್ನು ಚಿಕ್ಕ ಪಾತ್ರೆಗಳಿಗೆ ಹಂಚಿ, ಅವನ್ನು ತಣ್ಣೀರಿನ ಟಬ್ಬಿನಲ್ಲಿ ನಿಲ್ಲಿಸಿ ಆಗಾಗ ಕದಡುತ್ತೇನೆ. ಟಬ್ಬಿನ ನೀರು ಬೆಚ್ಚಗಾದರೆ ಬದಲಿಸಬೇಕು, ಇದನ್ನೇ ಎಲ್ಲರೂ ಮರೆಯುತ್ತಾರೆ. ಅಂಗೈ ಹಿಂಭಾಗವನ್ನು ಪಾತ್ರೆಗೆ ತಾಗಿಸಿ ನೋಡಿ, ಬಿಸಿ ಗೊತ್ತಾಗದಿದ್ದರೆ ಡಬ್ಬಿಗೆ ತುಂಬಿ ಫ್ರಿಜ್ಜಿಗೆ ಇಡಿ. ಇಷ್ಟಕ್ಕೂ ಎರಡು ಗಂಟೆ ದಾಟಬಾರದು.

ಹಂಚಲು ಪ್ಲಾಸ್ಟಿಕ್ ಕವರ್ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಳಗಿನಿಂದ ಪ್ಲಾಸ್ಟಿಕ್ ದೂರವಿಟ್ಟದ್ದೆಲ್ಲ ರಾತ್ರಿ ದಂಡವಾಯಿತು. ಯಾರಿಗೆ ಕೊಡುತ್ತೀರೋ ಅವರಿಗೆ ಹಿಂದಿನ ದಿನವೇ ಫೋನ್ ಮಾಡಿ, ಎಷ್ಟು ಜನರಿದ್ದಾರೆ ಕೇಳಿ, ಡಬ್ಬಿ ತನ್ನಿ ಅನ್ನಿ. ಅಡುಗೆ ಆದ ಹೊತ್ತನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ ಕೊಡಿ.